ಕೂಡಿಕೆ ಸರಿಯಿದ್ದರೂ ಸಂಬಳ ತಪ್ಪಿರಬಹುದು

ಸಂಬಳ ಜಮೆಯಾದ ಮೆಸೇಜ್ ಬಂದ ದಿನ ಬಹಳ ಮಂದಿ ಒಂದೇ ಒಂದು ತಾಳೆ ನೋಡುತ್ತಾರೆ. ಸಂಬಳ ಚೀಟಿಯ ಕೊನೆಯಲ್ಲಿರುವ ನಿವ್ವಳ ಮೊತ್ತವೂ ಬ್ಯಾಂಕಿಗೆ ಬಂದ ಮೊತ್ತವೂ ಒಂದೇ ಆಗಿದ್ದರೆ ಚೀಟಿ ಮಡಚಿ ಇಡುತ್ತಾರೆ. ಇನ್ನೂ ಸ್ವಲ್ಪ ಎಚ್ಚರದವರು ಎಡಗಡೆಯ ಗಳಿಕೆ ಕೂಡಿ, ಬಲಗಡೆಯ ಕಡಿತ ಕೂಡಿ, ಒಂದರಿಂದ ಇನ್ನೊಂದನ್ನು ಕಳೆದು ನೋಡುತ್ತಾರೆ. ಈ ಲೆಕ್ಕ ತಪ್ಪುವುದು ತೀರಾ ಅಪರೂಪ. ಚೀಟಿಯನ್ನು ಕಂಪ್ಯೂಟರ್ ತಯಾರಿಸುತ್ತದೆ, ಕೂಡುವ ಕಳೆಯುವ ಕೆಲಸದಲ್ಲಿ ಅದು ಎಡವುವುದಿಲ್ಲ.

ತಪ್ಪು ನಡೆಯುವುದು ಅದಕ್ಕೂ ಮೊದಲು. ಎಷ್ಟು ದಿನದ ಹಾಜರಿ ತುಂಬಿದರು, ಓಟಿಗೆ ಯಾವ ದರ ಹಿಡಿದರು, ಪಿಎಫ್ ಅನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದರು ಎಂಬಲ್ಲಿ. ಅಲ್ಲಿ ತಪ್ಪು ಅಂಕಿ ಒಳಗೆ ಹೋದರೆ ಮುಂದಿನ ಪ್ರತಿ ಸಾಲೂ ಆ ತಪ್ಪಿಗೆ ಸರಿಯಾಗಿ ಹೊಂದಿಕೊಂಡೇ ಬರುತ್ತದೆ, ಕೊನೆಯ ಮೊತ್ತವೂ ತಾಳೆಯಾಗುತ್ತದೆ. ಆದ್ದರಿಂದ ಚೀಟಿಯ ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಕಿ ಯಾವುದರ ಮೇಲೆ ಹುಟ್ಟಿತು?

ಇದನ್ನು ಒಂದು ಚೀಟಿಯ ಮೇಲೆ ಮಾಡಿಯೇ ನೋಡೋಣ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮೆಷಿನ್ ಆಪರೇಟರ್ ಒಬ್ಬರ, 2025ರ ಸೆಪ್ಟೆಂಬರ್ ತಿಂಗಳ ಚೀಟಿ ಎಂದುಕೊಳ್ಳಿ. ಲೆಕ್ಕ ವಿವರಿಸಲೆಂದೇ ಕಟ್ಟಿಕೊಂಡ ಅಂಕಿಗಳಿವು. ಆದರೆ ಇದರಲ್ಲಿರುವ ತಪ್ಪುಗಳು ನಿಜವಾದ ಚೀಟಿಗಳಲ್ಲಿ ಕಾಣಿಸುವಂಥವೇ.

ಅವರ ಪೂರ್ತಿ ತಿಂಗಳ ದರ ಹೀಗಿದೆ: ಮೂಲ ವೇತನ 13,000 ರೂಪಾಯಿ, ತುಟ್ಟಿಭತ್ಯೆ 3,900, ಮನೆ ಬಾಡಿಗೆ ಭತ್ಯೆ 2,600, ವಿಶೇಷ ಭತ್ಯೆ 1,300. ಒಟ್ಟು 20,800. ಆ ತಿಂಗಳು ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟು:

ಪಾವತಿ ದಿನಗಳು: 23
ಮೂಲ ವೇತನ: 11,500
ತುಟ್ಟಿಭತ್ಯೆ: 3,450
ಮನೆ ಬಾಡಿಗೆ ಭತ್ಯೆ: 2,300
ವಿಶೇಷ ಭತ್ಯೆ: 1,150
ಓಟಿ (10 ಗಂಟೆ): 1,250
ಒಟ್ಟು ಗಳಿಕೆ: 19,650

ಪಿಎಫ್: 1,380
ಇಎಸ್‌ಐ: 148
ವೃತ್ತಿ ತೆರಿಗೆ: 200
ಅಡ್ವಾನ್ಸ್ ಕಂತು: 2,000
ಒಟ್ಟು ಕಡಿತ: 3,728

ನಿವ್ವಳ ಸಂಬಳ: 15,922

ಕ್ಯಾಲ್ಕುಲೇಟರ್ ಹಿಡಿದು ಕೂಡಿ ನೋಡಿ. ಗಳಿಕೆ ಸರಿ, ಕಡಿತ ಸರಿ, ಕಳೆದು ಉಳಿದದ್ದೂ ಸರಿ. ಬ್ಯಾಂಕಿಗೆ ಬಂದದ್ದೂ 15,922 ರೂಪಾಯಿಯೇ. ಆದರೂ ಈ ಚೀಟಿಯಲ್ಲಿ ನಾಲ್ಕು ತಪ್ಪುಗಳಿವೆ.

ಮೊದಲು ದಿನ ಎಣಿಸಿ

ರೂಪಾಯಿಗೆ ಹೋಗುವ ಮೊದಲು ದಿನದ ಲೆಕ್ಕ ನೋಡಬೇಕು, ಏಕೆಂದರೆ ಉಳಿದೆಲ್ಲ ಅಂಕಿಗಳೂ ಅಲ್ಲಿಂದಲೇ ಹೊರಡುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ 30 ದಿನ, ಅದರಲ್ಲಿ 4 ಭಾನುವಾರ. ವಾರದ ರಜೆ ಬಿಟ್ಟರೆ 26 ದಿನ. ಈ ಕಾರ್ಖಾನೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ ದಿನಗೂಲಿ ಕಟ್ಟುತ್ತದೆ: 20,800 ಭಾಗಿಸು 26, ಅಂದರೆ ದಿನಕ್ಕೆ 800 ರೂಪಾಯಿ.

ನಮ್ಮ ಆಪರೇಟರ್ ಆ ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದು 2 ದಿನ. ಹಾಗಾಗಿ ಪಾವತಿ ದಿನಗಳು 24 ಆಗಬೇಕಿತ್ತು. ಚೀಟಿಯಲ್ಲಿರುವುದು 23. ಎಲ್ಲೋ ಒಂದು ದಿನ ಬೆಳಿಗ್ಗೆಯ ಪಂಚಿಂಗ್ ದಾಖಲಾಗಿಲ್ಲ, ಇಲ್ಲವೇ ಮಂಜೂರಾದ ಗಳಿಕೆ ರಜೆಯನ್ನು ಟೈಮ್ ಆಫೀಸಿನವರು ತುಂಬಿಲ್ಲ. ಚೀಟಿಯಲ್ಲಿ ಇದಕ್ಕಾಗಿ ಪ್ರತ್ಯೇಕ ಕಡಿತದ ಸಾಲು ಕಾಣಿಸುವುದಿಲ್ಲ. ಬಲಗಡೆಯಲ್ಲಿ ಏನೂ ಬರೆಯದೆ ಎಡಗಡೆಯ ನಾಲ್ಕೂ ಸಾಲುಗಳು ಸ್ವಲ್ಪ ಸ್ವಲ್ಪ ಕುಗ್ಗಿರುತ್ತವೆ. ಮೂಲ ವೇತನದಲ್ಲಿ 500, ತುಟ್ಟಿಭತ್ಯೆಯಲ್ಲಿ 150, ಬಾಡಿಗೆ ಭತ್ಯೆಯಲ್ಲಿ 100, ವಿಶೇಷ ಭತ್ಯೆಯಲ್ಲಿ 50. ಕಡಿತದ ಪಟ್ಟಿಯನ್ನು ಮಾತ್ರ ನೋಡುವವರಿಗೆ ಈ 800 ರೂಪಾಯಿ ಹೋದದ್ದು ಗೊತ್ತೇ ಆಗುವುದಿಲ್ಲ.

ಎಲ್ಲ ಕಡೆಯೂ 26ರಿಂದಲೇ ಭಾಗಿಸುತ್ತಾರೆ ಎಂದೇನಿಲ್ಲ. ಹಲವು ಕಚೇರಿಗಳು 30ರಿಂದಲೋ ಆ ತಿಂಗಳ ಒಟ್ಟು ದಿನಗಳಿಂದಲೋ ಭಾಗಿಸುತ್ತವೆ. ಅಂಥ ಕಡೆ ಭಾನುವಾರಗಳೂ ಪಾವತಿ ದಿನಗಳಲ್ಲಿ ಸೇರಿರಬೇಕು. ಇದೇ ಆಪರೇಟರ್‌ಗೆ 30ರ ಪದ್ಧತಿಯಲ್ಲಿ 28 ದಿನದ ಸಂಬಳ ಸಿಗಬೇಕು, ಅದು 19,413 ರೂಪಾಯಿ. 26ರ ಪದ್ಧತಿಯಲ್ಲಿ 24 ದಿನದ್ದು 19,200. ಎರಡೂ ಹತ್ತಿರ ಹತ್ತಿರವೇ ಇವೆ. ಅನಾಹುತವಾಗುವುದು ಎರಡು ಪದ್ಧತಿಗಳನ್ನು ಬೆರೆಸಿದಾಗ. 30ರಿಂದ ಭಾಗಿಸಿ 24ರಿಂದ ಗುಣಿಸಿದರೆ ಬರುವುದು 16,640 ಮಾತ್ರ. ಅಲ್ಲಿಗೆ ನಾಲ್ಕು ಭಾನುವಾರದ ಸಂಬಳವೂ ಹೋಯಿತು. ಆದ್ದರಿಂದ ನಿಮ್ಮಲ್ಲಿ ಯಾವ ಸಂಖ್ಯೆಯಿಂದ ಭಾಗಿಸುತ್ತಾರೆ ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಿ. ಪೂರ್ತಿ ತಿಂಗಳ ಮೂಲ ವೇತನವನ್ನು ಅದರಿಂದ ಭಾಗಿಸಿ ಪಾವತಿ ದಿನಗಳಿಂದ ಗುಣಿಸಿದರೆ ಚೀಟಿಯ ಮೂಲ ವೇತನವೇ ಬರಬೇಕು. ಉಳಿದ ಭತ್ಯೆಗಳೂ ಅದೇ ಪ್ರಮಾಣದಲ್ಲಿ ಬಂದಿರಬೇಕು.

ಓಟಿ ದರ ಎಲ್ಲಿಂದ ಬಂತು?

ಎರಡನೆಯ ತಪ್ಪು ಓಟಿಯಲ್ಲಿದೆ. ಆ ತಿಂಗಳಿಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮಿನ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿ ದುಡಿದರೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕಿತ್ತು. ಎರಡರಷ್ಟು ಎಂಬುದು ಎಲ್ಲರಿಗೂ ಗೊತ್ತು. ಯಾವುದರ ಎರಡರಷ್ಟು ಎಂಬಲ್ಲಿ ಲೆಕ್ಕ ಜಾರುತ್ತದೆ. ಆ ಕಲಮಿನಲ್ಲಿ ಸಾಮಾನ್ಯ ದರ ಎಂದರೆ ಮೂಲ ವೇತನದ ಜೊತೆಗೆ ಕಾರ್ಮಿಕರಿಗೆ ಸಲ್ಲಬೇಕಾದ ಭತ್ಯೆಗಳೂ ಸೇರಿದ ದರವಾಗಿತ್ತು. ಬೋನಸ್ ಮತ್ತು ಓಟಿ ಹಣ ಮಾತ್ರ ಅದರಲ್ಲಿ ಸೇರುವುದಿಲ್ಲ ಎಂದು ಅದೇ ಕಲಮು ಹೇಳುತ್ತಿತ್ತು.

ಚೀಟಿಯ 1,250 ರೂಪಾಯಿಯನ್ನು ಹಿಂದಕ್ಕೆ ಬಿಡಿಸಿ ನೋಡೋಣ. 10 ಗಂಟೆಗೆ 1,250 ಎಂದರೆ ಗಂಟೆಗೆ 125, ಅದರ ಅರ್ಧ 62 ರೂಪಾಯಿ 50 ಪೈಸೆ. ಇದನ್ನು 8 ಗಂಟೆ ಮತ್ತು 26 ದಿನಗಳಿಂದ ಗುಣಿಸಿದರೆ ಸರಿಯಾಗಿ 13,000. ಅಲ್ಲಿಗೆ ಗುಟ್ಟು ಬಯಲಾಯಿತು: ಮೂಲ ವೇತನವನ್ನಷ್ಟೇ ಹಿಡಿದು ಎರಡರಷ್ಟು ಮಾಡಿದ್ದಾರೆ. 20,800 ಹಿಡಿದಿದ್ದರೆ ಗಂಟೆಯ ದರ 100, ಎರಡರಷ್ಟೆಂದರೆ 200, ಹತ್ತು ಗಂಟೆಗೆ 2,000 ರೂಪಾಯಿ. ಕಡಿಮೆ ಬಿದ್ದದ್ದು 750.

ಹೀಗೆ ಹಿಂದಕ್ಕೆ ಬಿಡಿಸುವುದು ಚೀಟಿಯ ಯಾವ ಸಾಲಿಗಾದರೂ ಒದಗುವ ಉಪಾಯ. ಅಕೌಂಟ್ಸ್ ವಿಭಾಗದವರು ಯಾವ ಮೊತ್ತ ಹಿಡಿದಿದ್ದಾರೆ ಎಂದು ಊಹಿಸುತ್ತ ಕೂರಬೇಕಿಲ್ಲ. ಬಂದ ಅಂಕಿಯನ್ನು ದರದಿಂದ ಭಾಗಿಸಿದರೆ ಅವರು ಹಿಡಿದ ಮೊತ್ತ ತಾನಾಗಿ ಹೊರಬರುತ್ತದೆ.

ಕೈಗೆ ಹೆಚ್ಚು ತರುವ ತಪ್ಪು

ಪಿಎಫ್ ಸಾಲಿಗೂ ಅದನ್ನೇ ಮಾಡಿ. 1,380ನ್ನು ಶೇ. 12ರಿಂದ, ಅಂದರೆ 0.12ರಿಂದ ಭಾಗಿಸಿದರೆ 11,500. ಇಲ್ಲೂ ಮೂಲ ವೇತನ ಮಾತ್ರ. ಆದರೆ ಪಿಎಫ್ ಕಾಯ್ದೆಯ ಪ್ರಕಾರ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ ಸೇರಬೇಕು. 24 ದಿನದ ಸರಿಯಾದ ಲೆಕ್ಕದಲ್ಲಿ ಅವು 12,000 ಮತ್ತು 3,600, ಒಟ್ಟು 15,600. ಕಡ್ಡಾಯ ವಂತಿಗೆಗೆ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮಿತಿ 15,000 ರೂಪಾಯಿ. ಈ ಕಾರ್ಖಾನೆ ಆ ಮಿತಿಯವರೆಗೆ ಮಾತ್ರ ಪಿಎಫ್ ಕಟ್ಟುತ್ತದೆ ಎಂದಿಟ್ಟುಕೊಂಡರೂ 15,000ಕ್ಕೆ ಶೇ. 12, ಅಂದರೆ 1,800 ರೂಪಾಯಿ ಮುರಿಯಬೇಕಿತ್ತು.

ಈ ತಪ್ಪನ್ನು ಯಾರೂ ದೂರುವುದಿಲ್ಲ, ಏಕೆಂದರೆ ಕಡಿತ ಕಡಿಮೆಯಾದಷ್ಟೂ ಕೈಗೆ ಬರುವ ಹಣ ಹೆಚ್ಚು. ಆದರೆ ನಷ್ಟ ಕಾರ್ಮಿಕರದೇ. ಅವರು ಕಟ್ಟಿದಷ್ಟನ್ನೇ ಮಾಲೀಕರೂ ತಮ್ಮ ಪಾಲಾಗಿ ಕಟ್ಟಬೇಕು. ಇವರ ಪಾಲು 420 ರೂಪಾಯಿ ಕುಗ್ಗಿದರೆ ಮಾಲೀಕರ ಪಾಲೂ 420 ಕುಗ್ಗಿತು. ಇವರ 420 ಕೈಗಾದರೂ ಬಂತು, ಮಾಲೀಕರ 420 ಬರಲೇ ಇಲ್ಲ. ತಿಂಗಳು ತಿಂಗಳೂ ಹೀಗೇ ನಡೆದರೆ ವರ್ಷಕ್ಕೆ 5,000 ರೂಪಾಯಿಗೂ ಹೆಚ್ಚು, ಅದರ ಮೇಲಿನ ಬಡ್ಡಿ ಬೇರೆ.

ಮೂಲ ವೇತನ ಚಿಕ್ಕದಾಗಿಟ್ಟು ವಿಶೇಷ ಭತ್ಯೆ ದೊಡ್ಡದಾಗಿ ತೋರಿಸುವ ಚೀಟಿಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಎಲ್ಲ ನೌಕರರಿಗೂ ಒಂದೇ ರೀತಿ ಕೊಡುವ ಭತ್ಯೆಗಳು ಪಿಎಫ್ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದು ತೀರ್ಪು ಕೊಟ್ಟಿದೆ. ಹೆಚ್ಚು ದುಡಿದವರಿಗೆ ಮಾತ್ರ ಸಿಗುವ ಪ್ರೋತ್ಸಾಹಧನ ಇದರಲ್ಲಿ ಬರುವುದಿಲ್ಲ. ಮನೆ ಬಾಡಿಗೆ ಭತ್ಯೆಯನ್ನು ಕಾಯ್ದೆಯೇ ಹೊರಗಿಟ್ಟಿದೆ. ನಮ್ಮ ಆಪರೇಟರ್ ವಿಷಯದಲ್ಲಿ ಈ ತೀರ್ಪಿನಿಂದ ವ್ಯತ್ಯಾಸವಾಗದು, ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆಯೇ ಮಿತಿ ದಾಟಿವೆ. ಆದರೆ 8,000 ಮೂಲ ವೇತನಕ್ಕೆ 7,000 ವಿಶೇಷ ಭತ್ಯೆ ಇರುವವರಿಗೆ ಪಿಎಫ್ 960 ಆಗಬೇಕೋ 1,800 ಆಗಬೇಕೋ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಚೀಟಿಯಲ್ಲಿ ಮುರಿದದ್ದು ಖಾತೆಗೆ ಹೋಯಿತೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಪಿಎಫ್ ಪಾಸ್‌ಬುಕ್‌ನಲ್ಲಿದೆ. ಯುಎಎನ್ ಬಳಸಿ ಪಿಎಫ್ ಸಂಸ್ಥೆಯ ಜಾಲತಾಣದಲ್ಲೋ ಉಮಂಗ್ ಆ್ಯಪ್‌ನಲ್ಲೋ ಅದನ್ನು ನೋಡಬಹುದು. ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಆಮೇಲೆ ಪಾಸ್‌ಬುಕ್‌ನಲ್ಲಿ ಅದು ಮೂರು ಅಂಕಿಗಳಾಗಿ ಕಾಣಿಸುತ್ತದೆ. 15,000ದ ಲೆಕ್ಕ ಸರಿಯಿದ್ದರೆ ನೌಕರರ ಪಾಲು 1,800, ಮಾಲೀಕರ ಪಾಲಿನಲ್ಲಿ ಪಿಂಚಣಿಗೆ 1,250, ಉಳಿದ 550 ಪಿಎಫ್‌ಗೆ. ಮಾಲೀಕರ ಪಾಲು 550 ಮಾತ್ರ ಎಂದು ಕಂಡು ಗಾಬರಿಯಾಗುವವರಿದ್ದಾರೆ. ಪಿಂಚಣಿಯ 1,250ನ್ನೂ ಸೇರಿಸಿದರೆ 1,800 ಆಗುತ್ತದೆ.

ಕಡಿತದ ಪಟ್ಟಿಯಲ್ಲೇ ಪಿಎಫ್ ಎರಡು ಸಲ ಕಂಡರೆ, ಒಂದು ನೌಕರರ ಪಾಲು ಇನ್ನೊಂದು ಮಾಲೀಕರ ಪಾಲು ಎಂದಿದ್ದರೆ, ಗಳಿಕೆಯ ಪಟ್ಟಿಯಲ್ಲೂ ಮಾಲೀಕರ ಪಾಲನ್ನು ಸೇರಿಸಿದ್ದಾರೆಯೇ ನೋಡಿ. ಸೇರಿಸಿ ಕಳೆದಿದ್ದರೆ ಅದು ಬರೀ ತೋರಿಕೆಯ ಲೆಕ್ಕ. ಸೇರಿಸದೆ ಕಳೆದಿದ್ದರೆ ಮಾಲೀಕರು ತಾವು ಕಟ್ಟಬೇಕಾದ್ದನ್ನು ನಿಮ್ಮ ವೇತನದಿಂದ ಮುರಿದಂತಾಯಿತು, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಎರಡು ಮಿತಿ, ಎರಡು ನಿಯಮ

ಇಎಸ್‌ಐ ಸಾಲಿನ 148 ರೂಪಾಯಿ ಮೊದಲ ನೋಟಕ್ಕೆ ಸರಿಯಾಗಿಯೇ ಇದೆ. 2019ರ ಜುಲೈನಿಂದ ನೌಕರರ ಪಾಲು ಶೇ. 0.75. ಒಟ್ಟು ಗಳಿಕೆ 19,650ಕ್ಕೆ ಅದು 147 ರೂಪಾಯಿ 37 ಪೈಸೆ ಚಿಲ್ಲರೆ. ಇಎಸ್‌ಐನಲ್ಲಿ ಪೈಸೆ ಉಳಿದರೆ ಮುಂದಿನ ರೂಪಾಯಿಗೆ ಏರಿಸುತ್ತಾರೆ, ಹಾಗಾಗಿ 148. ಲೆಕ್ಕ ಸರಿ, ಆದರೆ ಅದು ನಿಂತಿರುವ ಗಳಿಕೆಯೇ ತಪ್ಪು. ದಿನವನ್ನೂ ಓಟಿಯನ್ನೂ ತಿದ್ದಿದರೆ ಗಳಿಕೆ 21,200 ಆಗುತ್ತದೆ, ಇಎಸ್‌ಐ 159.

ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಇಎಸ್‌ಐ ವ್ಯಾಪ್ತಿಯ ವೇತನ ಮಿತಿ 21,000 ರೂಪಾಯಿ. 21,200 ಆದರೆ ಇವರು ಯೋಜನೆಯಿಂದ ಹೊರಗೆ ಬಿದ್ದರೇ? ಇಲ್ಲ. ವ್ಯಾಪ್ತಿ ತೀರ್ಮಾನಿಸುವಾಗ ಓಟಿ ಹಣ ಸೇರಿಸುವುದಿಲ್ಲ, ವಂತಿಗೆ ಲೆಕ್ಕ ಹಾಕುವಾಗ ಸೇರಿಸುತ್ತಾರೆ ಎಂಬುದು ಆ ತಿಂಗಳಿಗೆ ಅನ್ವಯಿಸುತ್ತಿದ್ದ ನಿಯಮ. ಇವರ ಓಟಿ ಬಿಟ್ಟ ಪೂರ್ತಿ ತಿಂಗಳ ಸಂಬಳ 20,800, ಮಿತಿಯೊಳಗೇ ಇದೆ. ವಂತಿಗೆಯ ಅವಧಿಯ ನಡುವೆ, ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ಸಂಬಳವೇ ಏರಿ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಡಿತ ನಡೆಯುತ್ತದೆ, ಚಿಕಿತ್ಸೆಯ ಹಕ್ಕೂ ಉಳಿಯುತ್ತದೆ. ನಡುವೆಯೇ ಕಡಿತ ನಿಂತುಹೋದರೆ ಕೈಗೆ ಹೆಚ್ಚು ಬಂತು ಎಂದು ಸುಮ್ಮನಿರಬಾರದು, ಕೇಳಬೇಕು.

ವೃತ್ತಿ ತೆರಿಗೆ ನಾಲ್ಕನೆಯ ತಪ್ಪು. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳ ವೇತನ 25,000 ರೂಪಾಯಿಗಿಂತ ಕಡಿಮೆ ಇರುವವರು ಈ ತೆರಿಗೆ ಕೊಡಬೇಕಿಲ್ಲ. ಹಿಂದೆ ಈ ಮಿತಿ 15,000 ಇತ್ತು. ತಂತ್ರಾಂಶದಲ್ಲಿ ಹಳೆಯ ಮಿತಿಯೇ ಉಳಿದಿದ್ದರೆ 200 ರೂಪಾಯಿ ತಾನಾಗಿ ಮುರಿಯುತ್ತದೆ. ಗಳಿಕೆ ತಿದ್ದಿದ ಮೇಲೂ ಇವರದು 21,200, ತೆರಿಗೆ ಸೊನ್ನೆ ಇರಬೇಕು. 25,000 ಮತ್ತು ಮೇಲ್ಪಟ್ಟವರಿಗೆ ತಿಂಗಳಿಗೆ 200. 2025ರ ತಿದ್ದುಪಡಿಯ ನಂತರ ಫೆಬ್ರುವರಿ ತಿಂಗಳಲ್ಲಿ ಮಾತ್ರ 300. ಆ ಒಂದು ತಿಂಗಳು ನೂರು ರೂಪಾಯಿ ಹೆಚ್ಚು ಹೋದರೆ ಅದು ತಪ್ಪಲ್ಲ.

ಅಡ್ವಾನ್ಸ್ ಕಂತಿನ ವಿಷಯದಲ್ಲಿ ಚೀಟಿಯೊಂದೇ ಸಾಲದು. 10,000 ಪಡೆದು ಐದು ಕಂತಿಗೆ ಒಪ್ಪಿದ್ದರೆ ಐದನೆಯ ತಿಂಗಳಿನ ನಂತರ ಆ ಸಾಲು ಕಾಣಿಸಬಾರದು. ಆದ್ದರಿಂದ ಎಷ್ಟನೆಯ ಕಂತು, ಬಾಕಿ ಎಷ್ಟು ಎಂದು ಚೀಟಿಯ ಮೇಲೆ ನೀವೇ ಪೆನ್ನಿನಲ್ಲಿ ಬರೆದಿಡಿ. ಕ್ಯಾಂಟೀನ್, ಬಸ್ಸು, ಸೊಸೈಟಿ ಕಡಿತಗಳಿಗೂ ಇದೇ ಮಾತು.

ತಿದ್ದಿದ ಚೀಟಿ

ಈಗ ಎಲ್ಲವನ್ನೂ ಒಟ್ಟಿಗೆ ಇಡೋಣ. 24 ದಿನದ ವೇತನ 19,200, ಓಟಿ 2,000, ಒಟ್ಟು ಗಳಿಕೆ 21,200. ಪಿಎಫ್ 1,800, ಇಎಸ್‌ಐ 159, ಅಡ್ವಾನ್ಸ್ 2,000, ಒಟ್ಟು ಕಡಿತ 3,959. ನಿವ್ವಳ 17,241 ರೂಪಾಯಿ. ಮೊದಲ ಚೀಟಿಗಿಂತ 1,319 ರೂಪಾಯಿ ಹೆಚ್ಚು.

ಈ ವ್ಯತ್ಯಾಸವನ್ನೂ ಒಮ್ಮೆ ಪರೀಕ್ಷಿಸಬೇಕು. ಬರಬೇಕಾದ್ದು ಒಂದು ದಿನದ 800, ಓಟಿಯ 750, ವೃತ್ತಿ ತೆರಿಗೆಯ 200, ಒಟ್ಟು 1,750. ಹೆಚ್ಚಾಗಿ ಮುರಿಯಬೇಕಾದ್ದು ಪಿಎಫ್‌ಗೆ 420, ಇಎಸ್‌ಐಗೆ 11, ಒಟ್ಟು 431. ಕಳೆದರೆ 1,319. ಎರಡು ದಾರಿಯಲ್ಲಿ ಹೋದರೂ ಒಂದೇ ಮೊತ್ತ ಬಂದಾಗ ನಿಮ್ಮ ಲೆಕ್ಕವನ್ನು ಧೈರ್ಯವಾಗಿ ಮುಂದಿಡಬಹುದು. ಪಿಎಫ್ ಮತ್ತು ಇಎಸ್‌ಐ ಹೆಚ್ಚು ಮುರಿಯಬೇಕು ಎಂದು ನೀವೇ ತೋರಿಸಿಕೊಟ್ಟರೆ ಕೇಳುವವರಿಗೂ ನಿಮ್ಮ ಲೆಕ್ಕದ ಮೇಲೆ ನಂಬಿಕೆ ಬರುತ್ತದೆ.

ಸೆಪ್ಟೆಂಬರ್ ಚೀಟಿಯನ್ನೇ ಆರಿಸಿದ್ದಕ್ಕೆ ಒಂದು ಕಾರಣವಿದೆ. 2025ರ ನವೆಂಬರ್ 21ರಂದು ವೇತನ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ವೇತನಕ್ಕೆ ಹೊಸ ವ್ಯಾಖ್ಯೆಯಿದೆ. ಮನೆ ಬಾಡಿಗೆ ಭತ್ಯೆ, ಓಟಿಯಂಥ ಕೆಲವು ಬಾಬುಗಳು ವೇತನದ ಲೆಕ್ಕದಿಂದ ಹೊರಗೆ ಇರುತ್ತವೆ. ಆದರೆ ಹೀಗೆ ಹೊರಗಿಟ್ಟವುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಆದ್ದರಿಂದ ಆ ದಿನದ ನಂತರದ ಚೀಟಿಗಳನ್ನು ಪರೀಕ್ಷಿಸುವಾಗ ಪಿಎಫ್, ಇಎಸ್‌ಐಗಳಿಗೆ ಯಾವ ವ್ಯಾಖ್ಯೆಯ ವೇತನ ಹಿಡಿದಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಬೇಕು. ಅಂಕಿಯನ್ನು ದರದಿಂದ ಭಾಗಿಸಿ ಹಿಂದಕ್ಕೆ ಹೋಗುವ ವಿಧಾನ ಮಾತ್ರ ಎಂದಿನಂತೆಯೇ.

ಕೇಳುವುದು ಹೇಗೆ

ಸಂಬಳ ಕಡಿಮೆ ಬಂದಿದೆ ಎಂದು ಬಾಯಲ್ಲಿ ಹೇಳಿದರೆ ನೋಡೋಣ ಎಂಬ ಉತ್ತರ ಸಿಗುತ್ತದೆ. ಸಾಲಿಗೊಂದು ಪ್ರಶ್ನೆ ಬರೆದು ಕೊಟ್ಟರೆ ಸಾಲಿಗೊಂದು ಉತ್ತರ ಕೊಡಬೇಕಾಗುತ್ತದೆ. ಪಾವತಿ ದಿನ 24 ಇರಬೇಕು, ಇಂಥ ತಾರೀಖಿನ ಹಾಜರಿ ನೋಡಿ. ಓಟಿಯನ್ನು ಮೂಲ ವೇತನದ ಮೇಲೆ ಮಾತ್ರ ಕಟ್ಟಿದಂತಿದೆ. ಪಿಎಫ್‌ಗೆ ತುಟ್ಟಿಭತ್ಯೆ ಸೇರಿಲ್ಲ. ವೇತನ 25,000 ದಾಟಿಲ್ಲ, ವೃತ್ತಿ ತೆರಿಗೆ ಮುರಿದಿದೆ. ಈ ನಾಲ್ಕು ವಾಕ್ಯ, ಚೀಟಿಯ ಪ್ರತಿ, ಹಾಜರಿಯ ಫೋಟೊ ಇಷ್ಟನ್ನು ಎಚ್‌ಆರ್ ವಿಭಾಗಕ್ಕೆ ಇಮೇಲ್ ಮಾಡಿ, ಇಲ್ಲವೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಚೀಟಿಯನ್ನೇ ಕೊಡದ ಕಡೆ ಮೊದಲು ಅದನ್ನು ಕೇಳಿ. ವೇತನ ಚೀಟಿ ಕೊಡುವುದು ವೇತನ ಸಂಹಿತೆಯ ಪ್ರಕಾರ ಮಾಲೀಕರ ಕರ್ತವ್ಯ. ಅಲ್ಲಿ ಬಗೆಹರಿಯದಿದ್ದರೆ ವೇತನದ ದೂರು ಕಾರ್ಮಿಕ ಇಲಾಖೆಗೆ, ವಂತಿಗೆಯ ದೂರು ಪಿಎಫ್ ಅಥವಾ ಇಎಸ್‌ಐ ಕಚೇರಿಗೆ ಹೋಗುತ್ತದೆ.

ತಪ್ಪನ್ನು ಒಪ್ಪಿ ಮುಂದಿನ ತಿಂಗಳು ತಿದ್ದಿಕೊಟ್ಟಾಗಲೂ ಒಂದು ತಪಾಸಣೆ ಉಳಿಯುತ್ತದೆ. ಬಾಕಿ ಹಣ ಆ ತಿಂಗಳ ಗಳಿಕೆಯಲ್ಲಿ ಕರಗಿಹೋಗದೆ, ಹಿಂದಿನ ತಿಂಗಳ ಬಾಕಿ ಎಂಬ ಬೇರೆ ಸಾಲಾಗಿ ಕಾಣಿಸಬೇಕು. ಇಲ್ಲದಿದ್ದರೆ ಎಷ್ಟು ಬಂತು, ಎಷ್ಟು ಉಳಿಯಿತು ಎಂದು ಹೇಳುವುದು ಕಷ್ಟ. ಬಾಕಿ ಪಿಎಫ್ ಮಾಲೀಕರ ಪಾಲಿನೊಂದಿಗೆ ಸೆಪ್ಟೆಂಬರ್ ತಿಂಗಳ ಲೆಕ್ಕಕ್ಕೇ ಜಮೆಯಾಯಿತೇ ಎಂದು ಪಾಸ್‌ಬುಕ್ ತೆರೆದು ನೋಡಿ. ಅಲ್ಲಿ 1,800, 1,250, 550 ಎಂಬ ಮೂರೂ ಅಂಕಿಗಳು ಕಂಡ ಮೇಲೆ ಆ ತಿಂಗಳ ಲೆಕ್ಕ ಮುಗಿಯಿತು.